ಮಗಳ ಫೋಟೋದ ಕೆಳಗೆ ನಾಲ್ಕು ಸಾಲು

‘ಇಂದು ನಮ್ಮ ಮನೆ ಬರಿದಾಯಿತು.’

ಮಗಳ ಮದುವೆಯಾದ ರಾತ್ರಿ, ಒಂದು ಗಂಟೆ ಮೀರಿದ ಮೇಲೆ, ಡೊಂಬಿವಲಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ನೆಲಕ್ಕೆ ಕೂತು, ಅವಳು ಕಾರು ಹತ್ತುವಾಗ ಯಾರೋ ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಇನ್‌ಸ್ಟಾಗ್ರಾಂಗೆ ಹಾಕಿ ಅದರ ಕೆಳಗೆ ನಾನು ಮೊದಲು ಬರೆದ ಸಾಲು ಇದು. ಇದರ ಕೆಳಗೆ ಇನ್ನೂ ಹದಿನೆಂಟು ಸಾಲುಗಳಿದ್ದವು. ಅವಳು ಹುಟ್ಟಿದ ಮಳೆಗಾಲ, ಶಾಲೆಯ ಮೊದಲ ದಿನ ನನ್ನ ಸೆರಗು ಬಿಡದೆ ಅತ್ತದ್ದು, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಪರೀಕ್ಷೆಗೆ ಓದಿದ್ದು, ಎಲ್ಲವನ್ನೂ ಬರೆದು ಕೊನೆಯಲ್ಲಿ ‘ಆದರೆ ಇನ್ನೊಂದು ಮನೆ ತುಂಬಿತು, ಆ ಮನೆಯವರು ನಮಗಿಂತ ಹೆಚ್ಚು ಪ್ರೀತಿಯುಳ್ಳವರು, ಅದೇ ನಮ್ಮ ಭಾಗ್ಯ’ ಎಂದು ಮುಗಿಸಿದ್ದೆ. ಮುಂಬೈ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಮಕ್ಕಳಿಗೆ ನಿಬಂಧ ಕಲಿಸಿದವಳು ನಾನು. ದುಃಖದಿಂದ ಆರಂಭಿಸಿ ಸಮಾಧಾನಕ್ಕೆ ತರುವುದು ಸರಿಯಾದ ಕ್ರಮವೆಂದೇ ನಂಬಿದ್ದೆ.

ಮರುದಿನ ಬೆಳಿಗ್ಗೆ ಪುಣೆಯಲ್ಲಿ, ಬೀಗರ ಮನೆಯಲ್ಲಿ, ಮಗಳನ್ನು ಮನೆ ತುಂಬಿಸಿಕೊಂಡ ಮರುದಿನದ ಪೂಜೆ ನಡೆಯುತ್ತಿತ್ತು. ಅವರದು ಮರಾಠಿ ಮನೆ. ಅಲ್ಲಿದ್ದ ಹುಡುಗಿಯೊಬ್ಬಳು ಫೋಟೋ ನೋಡಿ ಕನ್ನಡ ಅರ್ಥವಾಗದೆ ಅನುವಾದದ ಗುಂಡಿ ಒತ್ತಿ, ಬಂದ ಇಂಗ್ಲಿಷನ್ನು ಮರಾಠಿಗೆ ತಿರುಗಿಸಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದಳಂತೆ: ‘ಆಜ್ ಆಮಚ ಘರ ರಿಕಾಮ ಝಾಲ.’ ಹಸಿರು ಬಳೆಯ ಕೈಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ನನ್ನ ಮಗಳು ಅಲ್ಲಿಯೇ ಅಳತೊಡಗಿದಳು. ಅವಳ ಅತ್ತೆ ಆ ಹೊತ್ತಿಗೆ ಏನೂ ಅನ್ನಲಿಲ್ಲ. ಮಧ್ಯಾಹ್ನ ನನಗೆ ಫೋನು ಮಾಡಿ, ‘ವಿಹೀಣಬಾಯಿ, ನಾವು ಏನೋ ಕಸಿದುಕೊಂಡು ಬಂದ ಹಾಗೆ ಅನಿಸಿತು’ ಎಂದು ಮೆಲ್ಲಗೆ ಹೇಳಿದರು. ಜಗಳದ ದನಿಯಲ್ಲ ಅದು, ನೊಂದವರ ದನಿ. ನಾನು ಉತ್ತರ ತೋಚದೆ ಫೋನು ಕೆಳಗಿಟ್ಟು ಮೊದಲು ಆ ಬರಹವನ್ನು ಅಳಿಸಿದೆ.

ಕೊನೆಯಲ್ಲಿ ಅಷ್ಟು ಒಳ್ಳೆಯ ಮಾತು ಬರೆದಿದ್ದೆನಲ್ಲ, ಅದನ್ನು ಯಾಕೆ ಯಾರೂ ಓದಲಿಲ್ಲ ಎಂದು ಮಗನನ್ನು ಕೇಳಿದಾಗ ಅವನು ತನ್ನ ಫೋನಿನಲ್ಲಿ ತೋರಿಸಿದ. ಇನ್‌ಸ್ಟಾಗ್ರಾಂನಲ್ಲಿ ಫೋಟೋದ ಕೆಳಗೆ 2,200 ಅಕ್ಷರಗಳವರೆಗೆ ಬರೆಯಬಹುದು, ಆದರೆ ನೋಡುವವರ ಕಣ್ಣಿಗೆ ತಾನಾಗಿ ಬೀಳುವುದು ಮೊದಲ ಒಂದೆರಡು ಸಾಲು ಮಾತ್ರ. ಉಳಿದದ್ದು ಒಂದು ಸಣ್ಣ ಗುಂಡಿಯ ಹಿಂದೆ ಮಡಚಿಕೊಂಡಿರುತ್ತದೆ. ಮೊದಲ ಸಾಲಿನ ನಂತರ ಚಂದ ಕಾಣಲೆಂದು ನಾನು ಬಿಟ್ಟಿದ್ದ ಖಾಲಿ ಸಾಲೂ ಆ ಲೆಕ್ಕಕ್ಕೇ ಸೇರಿತ್ತು. ‘ಅಮ್ಮ, ಜನ ಮೊದಲನೇ ಸಾಲಷ್ಟ ಓದತಾರ’ ಎಂದ. ಅವನು ಹೇಳಿದ ಇನ್ನೊಂದು ಸಂಗತಿಯೂ ನನಗೆ ಹೊಸದು. ಯಂತ್ರ ನಮ್ಮ ಹಾಗೆ ಅಕ್ಷರ ಎಣಿಸುವುದಿಲ್ಲ. ‘ಹೊಸ್ತಿಲು’ ಎಂಬಲ್ಲಿ ನನಗೆ ಕಾಣುವುದು ಹೊ, ಸ್ತಿ, ಲು ಎಂಬ ಮೂರು ಅಕ್ಷರ. ಯಂತ್ರಕ್ಕೆ ಹ ಬೇರೆ, ಒಕಾರದ ಗುರುತು ಬೇರೆ, ಸ ಬೇರೆ, ಒತ್ತಕ್ಷರವನ್ನು ಕೂಡಿಸುವ ಗುರುತು ಬೇರೆ, ಹೀಗೆ ಅದು ಒಟ್ಟು ಎಂಟನ್ನು ಎಣಿಸುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಜಾಗ ನಾವಂದುಕೊಂಡದ್ದಕ್ಕಿಂತ ಬಹಳ ಬೇಗ ತುಂಬುತ್ತದೆ. ಹಾಗಾಗಿ ಹತ್ತೊಂಬತ್ತು ಸಾಲುಗಳಲ್ಲಿ ಲೋಕ ಕಂಡದ್ದು ‘ಬರಿದಾಯಿತು’ ಎಂಬ ಒಂದೇ ಕ್ರಿಯಾಪದವನ್ನು.

ಆದರೆ ಪೂರ್ತಿ ಓದಿದ್ದರೂ ಆ ಮೊದಲ ಸಾಲು ತಪ್ಪೇ ಆಗಿತ್ತು. ಅದು ನನಗೆ ಗೊತ್ತಾದದ್ದು ನನ್ನ ಅವ್ವನ ಮಾತು ನೆನಪಾದಾಗ. ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಎಂದೂ ‘ದೀಪ ಆರಿಸು’ ಎಂದವಳಲ್ಲ, ‘ದೀಪ ದೊಡ್ಡದು ಮಾಡು’ ಎನ್ನುತ್ತಿದ್ದಳು. ಕುಂಕುಮದ ಭರಣಿಯ ತಳ ಕಂಡರೆ ‘ಮುಗೀತು’ ಎನ್ನದೆ ‘ಹೆಚ್ಚೇದ’ ಎನ್ನುತ್ತಿದ್ದಳು. ಅಕ್ಕಿಯ ಡಬ್ಬಿಗೂ ಅದೇ ಮಾತು. ಮನೆಯಿಂದ ಹೊರಡುವವರು ‘ಹೋಗತೇನಿ’ ಎಂದರೆ ತಡೆದು ನಿಲ್ಲಿಸಿ ‘ಹೋಗಿ ಬರತೇನಿ ಅನ್ನು’ ಎಂದು ಹೇಳಿಸಿಯೇ ಕಳಿಸುತ್ತಿದ್ದಳು. ಕಾಲೇಜಿನ ದಿನಗಳಲ್ಲಿ ಇದೆಲ್ಲ ನನಗೆ ಬರೀ ಅಂಜಿಕೆಯ ಮಾತೆಂದು ಕಾಣುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಇಲ್ಲದಿರುವುದು ಕಣ್ಣೆದುರಿಗೇ ಇರುವಾಗ ಅದನ್ನು ಬಾಯಿಂದ ಹೇಳಿ ಖಾಯಂ ಮಾಡಬಾರದು ಎಂಬ ಎಚ್ಚರ ಅದರಲ್ಲಿದೆ. ಮಗಳು ಹೋದ ಮನೆಯಲ್ಲಿ ‘ಮನೆ ತುಂಬಿಸಿಕೊಳ್ಳುವುದು’ ಎಂಬ ಶಾಸ್ತ್ರವಿದೆ, ಸೇರಿನ ಅಕ್ಕಿಯನ್ನು ಬಲಗಾಲಿನಿಂದ ತಳ್ಳಿ ಸೊಸೆ ಒಳಗೆ ಬರುತ್ತಾಳೆ. ಆದರೆ ತವರಿನಲ್ಲಿ ‘ಮನೆ ಬರಿದು ಮಾಡುವುದು’ ಎಂಬ ಶಾಸ್ತ್ರವನ್ನು ನಮ್ಮ ಹಿರಿಯರು ಇಡಲಿಲ್ಲ. ಅಲ್ಲಿ ಇರುವುದು ಉಡಿ ತುಂಬುವ ಶಾಸ್ತ್ರ. ಎರಡೂ ಮನೆಗಳಿಗೆ ಇರುವುದು ತುಂಬುವ ಮಾತೇ. ಇಲ್ಲದ ಮಾತನ್ನು ನಾನು ತಂದಿದ್ದೆ.

ಅಳಿಸಿದ ಮೇಲೆ ಏನೂ ಬರೆಯದೆ ಸುಮ್ಮನಿದ್ದುಬಿಡುವ ಎನಿಸಿತ್ತು. ಆದರೆ ಹತ್ತು ದಿನಗಳ ನಂತರ ಫೋಟೋ ತೆಗೆದವರು ಕೊಂಡಿ ಕಳಿಸಿದಾಗ ಮಗಳೇ ಫೋನು ಮಾಡಿ, ‘ಅಮ್ಮ, ಕಳಿಸಿಕೊಡುವಾಗಿನ ಫೋಟೋಕ್ಕ ನೀನ ಬರೀಬೇಕು, ನಾ ಬರಿಯೂದಿಲ್ಲ’ ಎಂದಳು. ಅವಳು ಬಳಸಿದ ‘ಕಳಿಸಿಕೊಡುವ’ ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು, ಏಕೆಂದರೆ ಫೋಟೋಗಳನ್ನು ವಿಂಗಡಿಸಿಟ್ಟವರು ಆ ಕಂತೆಗೆ ‘ಬಿದಾಯಿ’ ಎಂದು ಹೆಸರು ಕೊಟ್ಟಿದ್ದರು. ಮುಂಬೈಯಲ್ಲಿ ಯಾವ ಭಾಷೆಯವರ ಮದುವೆಯಾದರೂ ಈಗ ಅದೇ ಹೆಸರು. ಕನ್ನಡದಲ್ಲಿ ‘ವಿದಾಯ’ ಎಂದು ಬರೆದುಬಿಡಬಹುದಲ್ಲ ಎಂದು ನನ್ನವರು ಹೇಳಿದರು. ಪತ್ರಿಕೆಯಲ್ಲಿ ಆ ಪದ ನಮಗೆ ಎಲ್ಲಿ ಸಿಗುತ್ತದೆ ಎಂದು ನಾನು ಅವರಿಗೆ ಕೇಳಿದೆ. ಆಟಗಾರ ಕ್ರಿಕೆಟ್ಟಿಗೆ ವಿದಾಯ ಹೇಳುತ್ತಾನೆ, ನಾಡು ಕವಿಗೆ ಅಂತಿಮ ವಿದಾಯ ಹೇಳುತ್ತದೆ. ಮರಳಿ ಬರುವ ಮಾತು ಅದರಲ್ಲಿಲ್ಲ. ‘ಬೀಳ್ಕೊಡುಗೆ’ ಹಳೆಯ, ಒಳ್ಳೆಯ ಪದ. ಹೊರಟವರು ಅಪ್ಪಣೆ ಪಡೆಯುವುದು ಬೀಳ್ಕೊಳ್ಳುವುದು, ನಿಂತವರು ಅಪ್ಪಣೆ ಕೊಡುವುದು ಬೀಳ್ಕೊಡುವುದು. ಆದರೆ ನನ್ನ ನಿವೃತ್ತಿಯ ದಿನ ಶಾಲೆಯ ಹಲಗೆಯ ಮೇಲೆ ಬಣ್ಣದ ಸುಣ್ಣದಕಡ್ಡಿಯಲ್ಲಿ ಅದನ್ನೇ ಬರೆದಿದ್ದರು, ಆ ಪದದೊಡನೆ ನನಗೆ ಶಾಲು, ಹಾರ, ಕುರ್ಚಿಗಳ ಸಾಲು ನೆನಪಾಗುತ್ತವೆ.

‘ಕೊಟ್ಟೆವು’ ಎಂಬುದು ಇನ್ನೂ ಕಷ್ಟದ್ದು. ನಮ್ಮ ಕಡೆ ಮದುವೆಯಾದ ಹೆಣ್ಣಿನ ತಾಯಿಗೆ ಮೊದಲು ಕೇಳುವ ಪ್ರಶ್ನೆಯೇ ‘ಎಲ್ಲಿಗೆ ಕೊಟ್ಟೀರಿ?’ ಎಂದು. ಕೇಳುವವರಲ್ಲಿ ಕೆಟ್ಟ ಭಾವನೆ ಇರುವುದಿಲ್ಲ, ನಾನೂ ಎಷ್ಟೋ ಜನರಿಗೆ ಹಾಗೆ ಕೇಳಿದ್ದೇನೆ. ಆದರೆ ಅದರ ಬೆನ್ನಿಗೇ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ನಿಂತಿದೆ, ಆ ಗಾದೆಯನ್ನು ನಾನು ನನ್ನ ಮಗಳ ಮುಖದ ಕೆಳಗೆ ನೆರಳಿನಂತೆಯೂ ಇಡಲಾರೆ. ಮರಾಠಿಯವರು ಈ ಗಳಿಗೆಗೆ ‘ಪಾಠವಣಿ’ ಎನ್ನುತ್ತಾರೆ, ಕಳಿಸುವುದು ಎಂದೇ ಅದರ ಅರ್ಥ. ಬೀಗಿತ್ತಿಯ ಬಾಯಿಂದ ಆ ಪದ ಕೇಳಿದಾಗ ಮಗಳು ಅಂದ ‘ಕಳಿಸಿಕೊಡು’ವಿಗೂ ಇದಕ್ಕೂ ಇರುವ ನಂಟು ಕಂಡು ಖುಷಿಯಾಯಿತು. ಕಳಿಸಿದವರನ್ನು ಮತ್ತೆ ಕರೆಸಿಕೊಳ್ಳಬಹುದು.

ಇಷ್ಟಾದರೂ ಬರಹ ಮುಂದೆ ಹೋಗಲಿಲ್ಲ. ಒಂದು ಮಧ್ಯಾಹ್ನ ಕಾರಣ ಹೊಳೆಯಿತು. ನನ್ನ ಅವ್ವ ನನ್ನನ್ನು ಕಳಿಸಿಕೊಟ್ಟ ದಿನ ಅವಳು ಒಂದು ಮಾತೂ ತಾನಾಗಿ ಆಡಬೇಕಾಗಿರಲಿಲ್ಲ. ಹೆಣ್ಣೊಪ್ಪಿಸುವ ಹೊತ್ತಿಗೆ ಓಣಿಯ ಹಿರಿಯ ಹೆಣ್ಣುಮಕ್ಕಳು ಹಾಡು ಎತ್ತಿದ್ದರು. ಒಪ್ಪಿಸುವ ಹಾಡಿನಲ್ಲಿ ತಾಯಿ ಬೀಗಿತ್ತಿಗೆ ಹೇಳಬೇಕಾದದ್ದೆಲ್ಲ ಮೊದಲೇ ಇರುತ್ತದೆ. ಏನೂ ಅರಿಯದ ಕೂಸು, ತಪ್ಪಿದರೆ ತಿದ್ದಿರಿ, ಹಸಿದರೆ ಬಾಯಿಬಿಟ್ಟು ಕೇಳುವವಳಲ್ಲ ಎಂದು ಬೇರೆಯವರ ಗಂಟಲಿನಲ್ಲಿ ತನ್ನ ಮಾತು ಹೊರಡುತ್ತಿರುವಾಗ ಅವ್ವ ಸೆರಗು ಬಾಯಿಗಿಟ್ಟು ಸುಮ್ಮನೆ ನಿಂತಿದ್ದಳು. ನನ್ನ ಮಗಳ ಮದುವೆಯಲ್ಲಿ ಧಾರವಾಡದಿಂದ ಬಂದ ನನ್ನ ಸೋದರತ್ತೆ ಹಾಡಲು ಬಾಯಿ ತೆರೆದರು, ಆದರೆ ಸಭಾಂಗಣದ ಧ್ವನಿವರ್ಧಕದಲ್ಲಿ ಹಿಂದಿ ಹಾಡು ಹಾಕಿಯಾಗಿತ್ತು, ಎರಡನೆಯ ಸಾಲಿಗೇ ಅವರು ನಿಲ್ಲಿಸಿದರು. ಇಡೀ ಓಣಿ ಸೇರಿ ಹೊತ್ತುಕೊಳ್ಳುತ್ತಿದ್ದ ಮಾತನ್ನು ಈಗ ಒಬ್ಬ ತಾಯಿ ರಾತ್ರಿ ಒಂದು ಗಂಟೆಗೆ ಒಬ್ಬಳೇ ಹೆಬ್ಬೆರಳಿನಿಂದ ಒತ್ತಿ ಬರೆಯಬೇಕಾಗಿದೆ. ಅದು ಅತಿಯಾಗದೆ ಇನ್ನೇನಾದೀತು?

ಹಾಗಾದರೆ ಆ ದಿನ ನಿಜವಾಗಿ ನಡೆದದ್ದೇನು, ಅದನ್ನಷ್ಟೇ ಬರೆದರೆ ಸಾಕಲ್ಲವೇ ಎಂದುಕೊಂಡು ಫೋಟೋಗಳನ್ನು ಒಂದೊಂದಾಗಿ ನೋಡಿದೆ.

ಮುಂಬೈಯಲ್ಲಿ ಹೆಣ್ಣು ತವರುಮನೆಯಿಂದ ಹೊರಡುವುದೇ ಅಪರೂಪ, ಅವಳು ಹೊರಡುವುದು ಸಭಾಂಗಣದಿಂದ. ನಮ್ಮದೂ ಸಂಜೆ ನಾಲ್ಕಕ್ಕೆ ಖಾಲಿ ಮಾಡಬೇಕಾದ ಹಾಲ್, ಸಂಜೆಯ ಆರತಕ್ಷತೆಯವರ ಹೂವಿನ ಬುಟ್ಟಿಗಳು ಆಗಲೇ ಬಾಗಿಲಿಗೆ ಬಂದಿದ್ದವು. ಹೆಣ್ಣೊಪ್ಪಿಸುವ ಶಾಸ್ತ್ರವನ್ನು ಅಲ್ಲಿಯೇ ಮುಗಿಸಿದೆವು. ಬೀಗಿತ್ತಿಯ ಎರಡೂ ಅಂಗೈಗಳ ಮೇಲೆ ಹಾಲಿನಲ್ಲಿ ಅದ್ದಿದ ಮಗಳ ಕೈಯಿಟ್ಟು, ನನಗೆ ತಿಳಿದ ಮರಾಠಿಯಲ್ಲಿ, ಇವಳನ್ನು ನೋಡಿಕೊಳ್ಳಿ ಎಂದೆ. ಪುಣೆಯವರಿಗೆ ಕತ್ತಲಾಗುವುದರೊಳಗೆ ಖಂಡಾಳ ಘಾಟ್ ದಾಟುವ ಅವಸರವಿತ್ತು. ಆದರೂ ಉಡಿ ಮಾತ್ರ ಮನೆಯಲ್ಲಿಯೇ ತುಂಬಬೇಕು ಎಂದು ನಾನು ಹಟ ಹಿಡಿದೆ, ಅರ್ಧ ಗಂಟೆ ಕೊಡಿ ಎಂದು ಬೇಡಿಕೊಂಡೆ. ಅವರು ಒಪ್ಪಿದ್ದನ್ನು ನಾನು ಮರೆಯುವುದಿಲ್ಲ.

ಲಿಫ್ಟಿನಲ್ಲಿ ನಾಲ್ಕೇ ಜನ ಹಿಡಿಯುವುದರಿಂದ ಉಳಿದವರೆಲ್ಲ ಮೂರು ಮಹಡಿ ಮೆಟ್ಟಿಲು ಹತ್ತಿ ಬಂದರು. ದೇವರ ಗೂಡಿನ ಮುಂದೆ ಮಣೆ ಹಾಕಿ ಮಗಳನ್ನು ಕೂರಿಸಿ, ಐದು ಜನ ಮುತ್ತೈದೆಯರು ಅವಳ ಇಳಕಲ್ ಸೀರೆಯ ಸೆರಗಿಗೆ ಹಿಡಿ ಹಿಡಿಯಾಗಿ ಅಕ್ಕಿ ಹಾಕಿದರು. ಅದರ ಮೇಲೆ ತೆಂಗಿನಕಾಯಿ, ಗುಳೇದಗುಡ್ಡದ ಕುಬಸದ ಕಣ, ಐದು ಅರಿಶಿನ ಬೇರು, ಐದು ಉತ್ತತ್ತಿ, ಅಡಿಕೆ, ವೀಳ್ಯದೆಲೆ, ಬೆಲ್ಲದಚ್ಚು. ಉಡಿ ಕಟ್ಟಿಕೊಂಡು ಏಳುವಾಗ ಭಾರಕ್ಕೆ ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು, ಸೋದರತ್ತೆ ಬೆನ್ನಿಗೆ ಕೈ ಕೊಟ್ಟರು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸ್ತಿಲು ದಾಟುವ ಮೊದಲು ಮಗಳು ತನ್ನ ಉಡಿಯಿಂದ ಒಂದು ಹಿಡಿ ಅಕ್ಕಿಯನ್ನು ತಿರುಗಿ ತವರಿನ ಅಕ್ಕಿಯ ಡಬ್ಬಿಗೆ ಹಾಕಬೇಕು. ತಾಯಿ ತುಂಬಿದ್ದನ್ನೆಲ್ಲ ಕಟ್ಟಿಕೊಂಡು ಹೋಗುವುದಿಲ್ಲ, ಒಂದು ಪಾಲು ಇಲ್ಲಿಯೂ ಇರುತ್ತದೆ ಎಂಬ ಲೆಕ್ಕ. ಧಾರವಾಡದಲ್ಲಿ ಅವ್ವನ ಹಿತ್ತಾಳೆಯ ಕೊಳಗಕ್ಕೆ ನಾನು ಹಾಕಿದ್ದೆ. ಇಲ್ಲಿ ನಮ್ಮದು ಸ್ಟೀಲಿನ ಡಬ್ಬಿ, ಅದರ ಮುಚ್ಚಳ ಬಿಗಿಯಾಗಿ ಕಚ್ಚಿಕೊಂಡಿತ್ತು, ಉಡಿ ಹಿಡಿದ ಮಗಳು ಒಂದೇ ಕೈಯಿಂದ ತೆಗೆಯಲಾರದೆ ನನ್ನ ಕಡೆ ನೋಡಿದಳು. ನಾನು ಡಬ್ಬಿಯನ್ನು ಮೊಣಕಾಲಿನ ನಡುವೆ ಒತ್ತಿ ಹಿಡಿದು ಮುಚ್ಚಳ ತೆಗೆದೆ. ಅವಳು ಮುಷ್ಟಿ ಬಿಚ್ಚಿದಳು. ಮದರಂಗಿ ಹಚ್ಚಿದ ಬೆರಳುಗಳ ಸಂದಿಯಿಂದ ಅರಿಶಿನ ತಾಗಿದ ಅಕ್ಕಿ ಬಿಳಿ ಅಕ್ಕಿಯ ಮೇಲೆ ಸುರಿಯಿತು, ನಾಲ್ಕೈದು ಕಾಳು ಅವಳ ಹಸಿರು ಬಳೆಗಳಿಗೆ ಅಂಟಿಕೊಂಡವು, ಅವುಗಳನ್ನು ಅವಳು ಒಂದೊಂದಾಗಿ ಬಿಡಿಸಿ ಡಬ್ಬಿಗೇ ಹಾಕಿದಳು. ಆಮೇಲೆ ‘ಅಮ್ಮಾ, ಬರತೇನಿ’ ಎಂದಳು.

ಆ ಗಳಿಗೆಯ ಫೋಟೋ ಕಂತೆಯಲ್ಲಿತ್ತು. ಮುಖಗಳಿಲ್ಲ, ಎರಡು ಜತೆ ಕೈ, ಒಂದು ಡಬ್ಬಿ, ಬೀಳುತ್ತಿರುವ ಅಕ್ಕಿ. ಕಾರಿನ ಕಿಟಕಿಯಲ್ಲಿ ಅಳುತ್ತಿರುವ ಫೋಟೋಗಳೇ ಹೆಚ್ಚು ಚಂದ ಬಂದಿವೆ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು, ಚಂದ ಬಂದಿದ್ದವು ಕೂಡ. ಆದರೆ ಅಳುವ ಮುಖದ ಕೆಳಗೆ ಯಾವ ಮಾತು ಬರೆದರೂ ಅದು ಅಳುವಿನ ವಿವರಣೆಯಾಗುತ್ತದೆ, ಇಲ್ಲವೇ ಅದಕ್ಕೆ ಸಮಾಧಾನವಾಗುತ್ತದೆ. ಮೊದಲ ರಾತ್ರಿ ನನ್ನ ಬರಹ ಹತ್ತೊಂಬತ್ತು ಸಾಲಿಗೆ ಬೆಳೆದದ್ದೂ ಆ ಫೋಟೋದಿಂದಲೇ ಇರಬೇಕು. ಕೈಗಳ ಫೋಟೋ ಆರಿಸಿದ ಕೂಡಲೇ ಬರೆಯಬೇಕಾದದ್ದು ತಾನಾಗಿ ಸಣ್ಣದಾಯಿತು: ಅದು ಯಾರ ಕೈ, ಯಾವ ಅಕ್ಕಿ, ಅದು ಏನಾಯಿತು ಎಂದು ಹೇಳಿದರೆ ಸಾಕು.

ಮೊದಲ ಕರಡಿನಲ್ಲಿ ಬೀಗರಿಗೂ ಒಂದು ಸಾಲು ಇಟ್ಟಿದ್ದೆ, ‘ನಮ್ಮ ಕಣ್ಮಣಿಯನ್ನು ನಿಮ್ಮ ಮಡಿಲಿಗೆ ಹಾಕಿದ್ದೇವೆ, ಜೋಪಾನ’ ಎಂದು. ಅದನ್ನು ತೆಗೆದುಹಾಕಿದೆ. ಅದೇ ಮಾತನ್ನು ಹಾಲಿನ ಕೈ ಹಿಡಿದು ಅವರ ಕಿವಿಗೆ ಹೇಳಿದಾಗ ಅದು ಬೇಡಿಕೆಯಾಗಿತ್ತು, ಅವರು ನನ್ನ ಕೈಯನ್ನು ಒತ್ತಿ ಹಿಡಿದು ಉತ್ತರ ಕೊಟ್ಟಿದ್ದರು. ಊರೆಲ್ಲ ಓದುವ ಕಡೆ ಅದನ್ನೇ ಬರೆದರೆ ಅವರಿಗೆ ಎಲ್ಲರೆದುರು ಷರತ್ತು ಹಾಕಿದ ಹಾಗೆ, ಮತ್ತು ಉತ್ತರ ಕೊಡಲು ಅವರಿಗೆ ಅಲ್ಲಿ ಕೈಯಿಲ್ಲ. ಅವರ ಮನೆ ಇರುವ ಬಡಾವಣೆಯ ಹೆಸರನ್ನೂ, ಮಕ್ಕಳು ಪ್ರವಾಸ ಹೊರಡುವ ದಿನವನ್ನೂ ತೆಗೆದೆ, ಮೈಮೇಲೆ ಬಂಗಾರವಿರುವ ಫೋಟೋಗಳ ಜತೆಗೆ ಅವು ಇರಬಾರದು.

ಉಳಿದದ್ದನ್ನು ಮಗಳಿಗೇ ಹೇಳುವ ಹಾಗೆ, ‘ನೀನು’ ಎಂದು ಬರೆದೆ. ‘ಅವಳು’ ಎಂದು ಬರೆದರೆ ನಾನು ಜನರಿಗೆ ಅವಳ ಬಗ್ಗೆ ಹೇಳುತ್ತಿದ್ದೇನೆ, ಅವಳು ಅಲ್ಲಿ ಇಲ್ಲವಾಗುತ್ತಾಳೆ. ಮುಗಿಸುವುದು ಹೇಗೆಂದು ಮಾತ್ರ ಎರಡು ದಿನ ತಿಳಿಯಲಿಲ್ಲ. ‘ತವರು ಸದಾ ತೆರೆದಿರುತ್ತದೆ’ ಎಂದು ಬರೆದು ನೋಡಿದೆ. ಹಾಗೆ ಹೇಳಿ ವರ್ಷಗಟ್ಟಲೆ ಕರೆಯದ ತವರುಗಳನ್ನು ನಾನು ಕಂಡಿದ್ದೇನೆ. ಕರೆಯುವುದೆಂದರೆ ಅದಕ್ಕೊಂದು ದಿನ ಬೇಕು, ಹೋಗುವವರು ಯಾರೆಂದು ಗೊತ್ತಿರಬೇಕು. ನಮ್ಮಲ್ಲಿ ಆ ದಿನ ಯಾವುದೆಂದು ಯಾರಿಗೂ ಹೇಳಬೇಕಾಗಿಲ್ಲ. ಶ್ರಾವಣದ ನಾಗರ ಪಂಚಮಿಗೆ ಒಡಹುಟ್ಟಿದವನು ಹೋಗಿ ಕರೆದುಕೊಂಡು ಬರುತ್ತಾನೆ, ಮನೆಯಲ್ಲಿ ಉಂಡಿ ಕಟ್ಟುತ್ತಾರೆ, ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಡೊಂಬಿವಲಿಯಲ್ಲಿ ಮರ ನಮ್ಮದಲ್ಲ, ಬಾಲ್ಕನಿಯ ಕೊಂಡಿಗೆ ಕಟ್ಟಿದ ಹಲಗೆಯೇ ಜೋಕಾಲಿ. ಮಗ ರಜೆ ಹಾಕುತ್ತೇನೆಂದು ಒಪ್ಪಿದ ಮೇಲೆಯೇ ಆ ಸಾಲನ್ನು ಬರೆದೆ.

ಹಾಕುವ ಮೊದಲು ಮಗಳಿಗೆ ಕಳಿಸಿದೆ. ಮೊದಲ ಸಲ ಹಾಗೆ ಮಾಡಿರಲಿಲ್ಲ. ಅವಳ ಫೋಟೋ, ಅವಳ ದಿನ, ಅವಳು ಈಗಷ್ಟೇ ಕಾಲಿಟ್ಟ ಮನೆಯವರು ಓದುವ ಮಾತು, ಆದರೂ ಅವಳನ್ನು ಕೇಳಬೇಕೆಂದು ನನಗೆ ತೋಚಿರಲಿಲ್ಲ. ಅವಳು ಕನ್ನಡವನ್ನು ನಿಧಾನವಾಗಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಅರ್ಧ ಗಂಟೆಯ ಮೇಲೆ ಉತ್ತರ ಬಂತು. ಪದ ಯಾವುದನ್ನೂ ಬದಲಿಸಿರಲಿಲ್ಲ, ಕೊನೆಯಲ್ಲಿದ್ದ ಸಾಲನ್ನು ಎತ್ತಿ ಮೊದಲಿಗೆ ಇಟ್ಟಿದ್ದಳು. ‘ಮೊದಲನೇ ಸಾಲಷ್ಟ ಕಾಣಸ್ತದ ಅಮ್ಮ, ಅದಕ್ಕ’ ಎಂದು ಕೆಳಗೆ ಬರೆದಿದ್ದಳು. ಅವಳು ಇಟ್ಟ ಕ್ರಮದಲ್ಲಿಯೇ ಹಾಕಿದೆ:

ಹೋಗಿ ಬಾ, ಪುಟ್ಟಿ.
ನಿನ್ನ ಉಡಿಯಿಂದ ಒಂದು ಹಿಡಿ ಅಕ್ಕಿಯನ್ನು ನಮ್ಮ ಡಬ್ಬಿಗೆ ಹಾಕಿ ಹೊಸ್ತಿಲು ದಾಟಿದೆ.
ಮರುದಿನ ನಾವು ಉಂಡ ಅನ್ನ ಅದೇ ಅಕ್ಕಿಯದು.
ಪಂಚಮಿಗೆ ನಿನ್ನ ತಮ್ಮ ಕರೆಯಲು ಬರುತ್ತಾನೆ.

ಮಗಳು ಅದನ್ನು ಅತ್ತೆಗೆ ಮರಾಠಿಯಲ್ಲಿ ಓದಿ ಹೇಳಿದಳಂತೆ, ಈ ಸಲ ಅನುವಾದದ ಗುಂಡಿಯನ್ನು ಯಾರೂ ಒತ್ತಲಿಲ್ಲ. ಸಂಜೆ ಬೀಗಿತ್ತಿಯ ಉತ್ತರ ಫೋಟೋದ ಕೆಳಗೆ ಬಂತು. ಪಂಚಮಿಗೆ ನಾವೂ ಜತೆಗೆ ಬರುತ್ತೇವೆ, ಆ ಅಕ್ಕಿಯ ಡಬ್ಬಿಯನ್ನು ನೋಡಬೇಕು ಎಂದು ಬರೆದಿದ್ದರು. ಶೇಂಗಾದ ಉಂಡಿಗೆ ಎರಡು ಸೇರು ಸಾಕೆಂದುಕೊಂಡಿದ್ದೆ, ಈಗ ನಾಲ್ಕು ಸೇರಿನದು ಕಟ್ಟಬೇಕು, ಎಳ್ಳಿನದೂ ಅಷ್ಟೇ.